ಇಆರ್‌ಪಿಯ ಐದು ವರ್ಷದ ಲೆಕ್ಕ: ನಮ್ಮ ಜನರ ದಿನಗಳನ್ನು ಎಲ್ಲಿ ಬರೆಯಬೇಕು?

ಜಮಾಖರ್ಚು

ಎಲ್ಲರಿಗೂ ನಮಸ್ಕಾರ. ನಮ್ಮದು ಬಿಡಿಭಾಗ ತಯಾರಿಸುವ ಕಂಪನಿ. ಒಂದು ಕಾರ್ಖಾನೆ, ಎರಡು ಗೋದಾಮು, ಖರೀದಿ, ಸ್ಟಾಕ್, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನಡೆಸುವ ಇಆರ್‌ಪಿ ತಂತ್ರಾಂಶ ಬಳಸಬೇಕಾದವರು 60 ಜನ. ನಾನು ಹಣಕಾಸು ವಿಭಾಗ ನೋಡಿಕೊಳ್ಳುತ್ತೇನೆ. ಎರಡು ಕೊಟೇಶನ್ ಕೈಯಲ್ಲಿವೆ, ಮುಂದಿನ ತಿಂಗಳು ಆಡಳಿತ ಮಂಡಳಿಯ ಮುಂದೆ ಐದು ವರ್ಷದ ಒಟ್ಟು ವೆಚ್ಚ ಇಡಬೇಕು.

ದುಡ್ಡಿನ ಅಂಕಿ ಹಾಕಿದರೆ ಚರ್ಚೆ ಬೆಲೆಯ ಕಡೆ ಹೊರಳುತ್ತದೆ ಎಂದು ಎಲ್ಲವನ್ನೂ ಆಳುದಿನಕ್ಕೆ ತಂದಿದ್ದೇನೆ. ನಮ್ಮ ಒಬ್ಬ ನೌಕರರಿಗೆ ಸಂಬಳ, ಸವಲತ್ತು ಎಲ್ಲ ಸೇರಿ ದಿನಕ್ಕೆ ತಗಲುವ ಸರಾಸರಿ ವೆಚ್ಚವೇ 1 ಆಳುದಿನ. ಹೊರಗಿನ ಕನ್ಸಲ್ಟೆಂಟರ ಒಂದು ದಿನಕ್ಕೆ ನಾವು ಕೊಡಬೇಕಾದದ್ದು 4 ಆಳುದಿನ.

ಮೊದಲನೆಯದು ಕ್ಲೌಡ್ ಸಬ್‌ಸ್ಕ್ರಿಪ್ಶನ್. ಮೊದಲ ವರ್ಷ 900, ಆಮೇಲೆ ವರ್ಷಕ್ಕೆ ಶೇ. 5 ಏರಿಕೆ. ಐದು ವರ್ಷಕ್ಕೆ 4,973. ಅಳವಡಿಕೆಗೆ 250 ಕನ್ಸಲ್ಟೆಂಟ್ ದಿನ, ಅಂದರೆ 1,000. ಒಟ್ಟು 5,973.

ಎರಡನೆಯದು ಲೈಸೆನ್ಸ್ ಕೊಂಡು ನಾವೇ ಬಾಡಿಗೆ ಸರ್ವರಿನಲ್ಲಿ ನಡೆಸುವುದು. ಲೈಸೆನ್ಸ್ 2,000. ಅದರ ಮೇಲೆ ವರ್ಷಕ್ಕೆ ಶೇ. 20 ಮೆಂಟೆನೆನ್ಸ್, ಐದು ವರ್ಷಕ್ಕೆ ಇನ್ನೊಂದು 2,000. ಅಳವಡಿಕೆಗೆ ಇಲ್ಲೂ 1,000. ಹೋಸ್ಟಿಂಗ್ ಮತ್ತು ಬ್ಯಾಕ್‌ಅಪ್‌ಗೆ ವರ್ಷಕ್ಕೆ 150ರಂತೆ 750. ಒಟ್ಟು 5,750.

ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ನಮ್ಮ ಜನ ಇದಕ್ಕೆ ಕೊಡುವ ಸಮಯ ಎರಡೂ ಕಾಗದದಲ್ಲಿಲ್ಲ. ಅದನ್ನು ಹೇಗೆ ಅಂದಾಜು ಮಾಡುತ್ತೀರಿ? ಲೆಕ್ಕಕ್ಕೆ ಸೇರಿಸುತ್ತೀರಾ?

ಮೋಡದಾಚೆ

ಮೇಡಂ, ಕ್ಲೌಡ್ ತಗೊಳ್ಳಿ, ಯೋಚನೆ ಬೇಡ. ಸರ್ವರ್ ಇಲ್ಲ, ಅಪ್‌ಗ್ರೇಡ್ ಖರ್ಚಿಲ್ಲ, ಬ್ಯಾಕ್‌ಅಪ್ ಅವರದೇ ತಲೆನೋವು. ಎರಡನೆಯದರಲ್ಲಿ ಐದು ವರ್ಷದೊಳಗೆ ಒಂದು ದೊಡ್ಡ ಅಪ್‌ಗ್ರೇಡ್ ಬಂದೇ ಬರುತ್ತದೆ, ಅದು ನಿಮ್ಮ 5,750ರಲ್ಲಿ ಕಾಣುತ್ತಿಲ್ಲ.

ನಿಮ್ಮ ಜನರ ಸಮಯದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅವರಿಗೆ ಸಂಬಳ ಹೇಗೂ ಹೋಗುತ್ತಿದೆ. ಇಆರ್‌ಪಿ ತಂದರೂ ಅಷ್ಟೇ, ತರದಿದ್ದರೂ ಅಷ್ಟೇ. ಹೊಸದಾಗಿ ಹೊರಗೆ ಹೋಗದ ಹಣವನ್ನು ಪ್ರಾಜೆಕ್ಟಿನ ವೆಚ್ಚ ಅಂತ ತೋರಿಸಿದರೆ ಮಂಡಳಿ ಗಾಬರಿಯಾಗಿ ಪ್ರಾಜೆಕ್ಟನ್ನೇ ಕೈಬಿಡಬಹುದು.

ನಾಲ್ಕುಜನದಆಫೀಸು

ನಮ್ಮಲ್ಲಿ ನಾಲ್ಕೇ ಜನ, ಬಿಲ್ಲಿಂಗ್ ಮತ್ತು ಸ್ಟಾಕ್ ನೋಡಿದರೆ ಸಾಕು. ಇಂಥವರಿಗೆ ಯಾವ ಇಆರ್‌ಪಿ ಒಳ್ಳೆಯದು? ಮೊಬೈಲಿನಲ್ಲೂ ಬರಬೇಕು.

ಗೋಲೈವ್_ಹದಿನೇಳು

ನಾಲ್ಕು ಜನರ ಆಫೀಸಿಗೆ ಇಆರ್‌ಪಿ ಬೇಡ ಸರ್, ಒಳ್ಳೆಯ ಲೆಕ್ಕಪತ್ರದ ಸಾಫ್ಟ್‌ವೇರ್ ಸಾಕು. ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬರೆಯುತ್ತೇನೆ.

ಜಮಾಖರ್ಚು ಮೇಡಂ, ನಾನು ಇಂಥ ವ್ಯವಸ್ಥೆ ಚಾಲೂ ಆಗುವ 17 ಗೋ-ಲೈವ್‌ಗಳಲ್ಲಿ ಕೂತಿದ್ದೇನೆ. ಹೆಚ್ಚಿನವುಗಳಲ್ಲಿ ಕನ್ಸಲ್ಟೆಂಟ್ ಆಗಿ, ಕೊನೆಯ ಮೂರರಲ್ಲಿ ಕಂಪನಿಯ ಕಡೆಯವನಾಗಿ. ಮೇಜಿನ ಈ ಬದಿಗೆ ಬಂದ ಮೇಲೆಯೇ ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು. ನಿಮ್ಮ ಮೊದಲ ಕೊಟೇಶನ್ನನ್ನೇ ಹಿಡಿದು ಬಿಡಿಸುತ್ತೇನೆ. ಅಳವಡಿಕೆಗೆ ಒಂಬತ್ತು ತಿಂಗಳು, ತಿಂಗಳಿಗೆ 21 ಕೆಲಸದ ದಿನ ಅಂದುಕೊಳ್ಳೋಣ.

ನಿಮ್ಮ ಕಡೆಯಿಂದ ಒಬ್ಬ ಪ್ರಾಜೆಕ್ಟ್ ಮ್ಯಾನೇಜರ್ ಪೂರ್ಣಾವಧಿ ಬೇಕು. ಅದು ಸುಮಾರು 190. ಹಣಕಾಸು, ಖರೀದಿ, ಸ್ಟೋರ್ಸ್, ಉತ್ಪಾದನೆ, ಮಾರಾಟ, ಐದು ವಿಭಾಗಕ್ಕೆ ಒಬ್ಬೊಬ್ಬ ಕೀ ಯೂಸರ್. ಇವರು ಅರ್ಧ ದಿನ ಪ್ರಾಜೆಕ್ಟಿಗೆ ಕೊಡಬೇಕು. ಕನ್ಸಲ್ಟೆಂಟರಿಗೆ ನಿಮ್ಮ ವ್ಯವಹಾರ ವಿವರಿಸುವುದು, ವಿನ್ಯಾಸ ಒಪ್ಪುವುದು, ಟೆಸ್ಟಿಂಗ್ ಎಲ್ಲ ಇವರ ತಲೆಯ ಮೇಲೆಯೇ. ಐವರಿಂದ 475. ಐಟಂ, ಗ್ರಾಹಕರ ಪಟ್ಟಿಯಂಥ ಮಾಸ್ಟರ್ ಡೇಟಾ ಶುದ್ಧ ಮಾಡಲು ಇಬ್ಬರು ಮೂರು ತಿಂಗಳು, 126. ಅರವತ್ತು ಜನಕ್ಕೂ ತಲಾ ನಾಲ್ಕು ದಿನದ ತರಬೇತಿ, 240. ಗೋ-ಲೈವ್ ತನಕವೇ 1,031 ಆಯಿತು. ಕನ್ಸಲ್ಟೆಂಟರಿಗೆ ನೀವು ಕೊಡುವ 1,000ಕ್ಕಿಂತ ಹೆಚ್ಚು!

ಗೋ-ಲೈವ್ ಆದ ಮೇಲೆ ಇನ್ನೂ 51 ತಿಂಗಳು ಉಳಿದಿರುತ್ತವೆ, ಅಂದಾಜುಗಳು ತಪ್ಪುವುದು ಬಹುತೇಕ ಇಲ್ಲೇ. ಪಾಸ್‌ವರ್ಡ್, ಅನುಮತಿಗಳು, ಹೊಸ ರಿಪೋರ್ಟ್, ಸಿಕ್ಕಿಬಿದ್ದ ಎಂಟ್ರಿ ನೋಡಿಕೊಳ್ಳಲು ಒಳಗೊಬ್ಬರು ಬೇಕು. ಕ್ಲೌಡಿನಲ್ಲಿ ಅವರ ಸಮಯದ ಶೇ. 60 ಹೋಗುತ್ತದೆ ಎಂದು ಹಿಡಿಯಿರಿ, 643. ಕೀ ಯೂಸರ್‌ಗಳು ತಿಂಗಳಿಗೆ ತಲಾ ಎರಡು ದಿನ ಸಹೋದ್ಯೋಗಿಗಳಿಗೆ ಸಹಾಯ ಮಾಡುತ್ತಲೇ ಇರುತ್ತಾರೆ. ಸಣ್ಣದಾಗಿ ಕಾಣುವ ಈ ಎರಡು ದಿನವೇ ಐವರಿಂದ 510.

ಕ್ಲೌಡಿನಲ್ಲಿ ಅಪ್‌ಗ್ರೇಡ್ ಖರ್ಚಿಲ್ಲ ಎನ್ನುವುದು ಅರ್ಧ ಸತ್ಯ. ಅಪ್‌ಗ್ರೇಡಿಗೆ ಬಿಲ್ ಬರುವುದಿಲ್ಲ, ಅಷ್ಟು ನಿಜ. ಆದರೆ ನೆಟ್‌ಸೂಟ್ ಇರಲಿ, ಸ್ಯಾಪ್‌ನ ಪಬ್ಲಿಕ್ ಕ್ಲೌಡ್ ಇರಲಿ, ವರ್ಷಕ್ಕೆ ಎರಡು ಬಿಡುಗಡೆ ಬರುತ್ತವೆ. ದಿನಾಂಕ ಅವರದು, ಬೇಡ ಎನ್ನುವ ಹಾಗಿಲ್ಲ. ಪ್ರತಿ ಸಲವೂ ಬಿಲ್ಲಿಂಗ್‌ನಿಂದ ತಿಂಗಳ ಕೊನೆಯ ಲೆಕ್ಕದವರೆಗೆ ನೀವೇ ಪರೀಕ್ಷಿಸಬೇಕು. ಐವರಿಗೆ ಮೂರು ಮೂರು ದಿನ, ಒಳಗಿನ ಅಡ್ಮಿನ್‌ಗೆ ಐದು ದಿನ, ಸಲಕ್ಕೆ 20. ನಿಮ್ಮ ಅವಧಿಯಲ್ಲಿ ಎಂಟು ಸಲ ಬಂದರೆ 160.

ಇನ್ನೊಂದು ಸಾಲಿದೆ, ಅದನ್ನು ಕಡೆಗೆ ಇಟ್ಟುಕೊಂಡಿದ್ದೇನೆ. ಗೋ-ಲೈವ್ ಆದ ಮೂರು ತಿಂಗಳು ಎಲ್ಲರ ಕೈಯೂ ನಿಧಾನವಾಗುತ್ತದೆ. ಅರವತ್ತು ಜನರ ವೇಗ ಶೇ. 10 ಇಳಿದರೂ 378.

ಒಳಗಿನದಷ್ಟೇ 2,722.

ಮುಕ್ತತಂತ್ರ

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಬದಲು ಇಆರ್‌ಪಿನೆಕ್ಸ್ಟ್ ಥರದ ಮುಕ್ತ ತಂತ್ರಾಂಶ ಯಾಕೆ ನೋಡಬಾರದು? ಜಿಪಿಎಲ್ ಪರವಾನಗಿ, ಬಳಕೆದಾರರ ಸಂಖ್ಯೆಗೆ ಶುಲ್ಕವಿಲ್ಲ. ಅರವತ್ತಲ್ಲ, ಆರುನೂರು ಜನ ಬಳಸಿದರೂ ಲೈಸೆನ್ಸ್ ಸೊನ್ನೆ. ನಿಮ್ಮ ಪಟ್ಟಿಯ ಅತಿ ದೊಡ್ಡ ಸಾಲೇ ಹೋಗುತ್ತದೆ.

ಗೋಲೈವ್_ಹದಿನೇಳು

ಹೋಗುತ್ತದೆ, ಅದು ಸಣ್ಣ ಮಾತಲ್ಲ. ಆದರೆ ನಾನು ಈಗ ಬರೆದ 2,722ರಲ್ಲಿ ಲೈಸೆನ್ಸಿನಿಂದ ಬಂದ ಒಂದೇ ಒಂದು ಆಳುದಿನ ಇದೆಯೇ ನೋಡಿ. ಡೇಟಾ, ತರಬೇತಿ, ಟೆಸ್ಟಿಂಗ್, ಸಹಾಯ, ಎಲ್ಲ ಹಾಗೇ ಉಳಿಯುತ್ತವೆ. ಅದರ ಮೇಲೆ ಆವೃತ್ತಿ ಬದಲಾವಣೆಯ ಹೊಣೆ ನಿಮ್ಮದು, ಕೋಡ್ ಬಲ್ಲ ಒಬ್ಬರು ಒಳಗಿರಬೇಕು. ಅಂಥವರು ನಿಮ್ಮಲ್ಲಿ ಈಗಾಗಲೇ ಇದ್ದು, ಇನ್ನೂ ಐದು ವರ್ಷ ಇರುತ್ತಾರೆಂಬ ಭರವಸೆ ಇದ್ದರೆ ನಿಮ್ಮ ದಾರಿ ಖಂಡಿತ ಅಗ್ಗ. ಒಬ್ಬರೇ ಇದ್ದು ಮಧ್ಯದಲ್ಲಿ ಕೆಲಸ ಬಿಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ, ಆಮೇಲೆ ತೀರ್ಮಾನಿಸಿ.

ಮುಕ್ತತಂತ್ರ

ಆ ಅಪಾಯ ಒಪ್ಪಿದೆ. ನಮ್ಮಲ್ಲಿ ಇಬ್ಬರಿದ್ದಾರೆ, ಹಾಗಾಗಿ ನಡೆಯುತ್ತಿದೆ. ಆ ಇಬ್ಬರ ಸಂಬಳವನ್ನು ಇಆರ್‌ಪಿಯ ಖಾತೆಗೆ ನಾವು ಇಲ್ಲಿಯವರೆಗೆ ಬರೆದಿಲ್ಲ ಎನ್ನುವುದೂ ನಿಜ.

ಉಗ್ರಾಣಿ

ನಾನು ಸ್ಟೋರ್ಸ್ ನೋಡಿಕೊಳ್ಳುವವನು, ಲೆಕ್ಕಪತ್ರದವನಲ್ಲ. ಆದರೆ ಆ "ಡೇಟಾ ಶುದ್ಧ ಮಾಡಲು 126" ಎಂಬ ಸಾಲನ್ನು ಯಾರೂ ಕಡಿಮೆ ಮಾಡಬೇಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಹಿಂದಿನ ಕಂಪನಿಯಲ್ಲಿ ನಮ್ಮ ಪಟ್ಟಿಯಲ್ಲಿ 14,000 ಐಟಂ ಇದ್ದವು. ಒಂದೇ ಬೋಲ್ಟಿಗೆ ಮೂರು ಹೆಸರು, ಮೂರು ಕೋಡ್. ಹಳೆಯ ವ್ಯವಸ್ಥೆಯಲ್ಲಿ ಅದು ತೊಂದರೆ ಕೊಡುತ್ತಿರಲಿಲ್ಲ, ಯಾವುದು ಯಾವುದೆಂದು ನಮಗೆ ಬಾಯಿಪಾಠವಾಗಿತ್ತು. ತಂತಿಯನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಿದ್ದೆವು, ಶಾಪ್‌ಫ್ಲೋರಿಗೆ ಮೀಟರ್ ಲೆಕ್ಕದಲ್ಲಿ ಕೊಡುತ್ತಿದ್ದೆವು. ಒಂದು ಕಿಲೋಗೆ ಎಷ್ಟು ಮೀಟರ್ ಎನ್ನುವುದು ದಪ್ಪದ ಮೇಲೆ ಬದಲಾಗುತ್ತದೆ. ಅದನ್ನು ಐಟಂ ಐಟಂಗೂ ಕೂತು ತುಂಬಬೇಕಿತ್ತು. ಗಡುವು ಹತ್ತಿರ ಬಂತು ಎಂದು ಎಲ್ಲ ತಂತಿಗೂ ಒಂದೇ ಸರಾಸರಿ ಅಂಕಿ ಹಾಕಿ ಡೇಟಾ ಏರಿಸಿದರು.

ಗೋ-ಲೈವ್ ಆದ ಎರಡನೇ ವಾರ, ಸಿಸ್ಟಮ್ ಸಣ್ಣ ತಂತಿ ಮುಗಿದಿದೆ ಎನ್ನುತ್ತಿತ್ತು, ನನ್ನ ಕಣ್ಣೆದುರು ಆರು ಉರುಳೆ ಇದ್ದವು. ದಪ್ಪ ತಂತಿ ಬೇಕಾದಷ್ಟಿದೆ ಎನ್ನುತ್ತಿತ್ತು, ರ‍್ಯಾಕ್ ಖಾಲಿ. ಸಿಸ್ಟಮ್ ಮಾತು ನಂಬಿ ಖರೀದಿಯವರು ಇರುವುದನ್ನೇ ಮತ್ತೆ ತರಿಸಿದರು. ಆರು ವಾರ ನಾಲ್ಕು ಜನ ಎಣಿಸಿದ್ದೇ ಎಣಿಸಿದ್ದು. ನಾಲ್ಕು ಜನ, ಆರು ವಾರ, ವಾರಕ್ಕೆ ಐದು ದಿನ. 120 ಆಳುದಿನ. ಮೊದಲೇ ಕೊಟ್ಟಿದ್ದರೆ ಅದರ ಕಾಲು ಭಾಗದಲ್ಲಿ ಮುಗಿಯುತ್ತಿತ್ತು ಎಂಬ ಸಂಕಟ ಇವತ್ತಿಗೂ ಇದೆ.

ಆಗ ನಮ್ಮ ಹುಡುಗರು ಒಂದು ಉದ್ದನೆಯ ಪುಸ್ತಕ ತಂದು ಕೈಯಲ್ಲಿ ಬರೆಯತೊಡಗಿದರು. ಮೊದಲು ಪುಸ್ತಕ, ಸಂಜೆ ಅದನ್ನು ನೋಡಿ ಸಿಸ್ಟಮ್. ಆ ಪುಸ್ತಕ ಒಂದು ವರ್ಷ ನಡೆಯಿತು. ಎರಡು ಸಲ ಬರೆಯುವ ಆ ಕೆಲಸ ಯಾರ ಲೆಕ್ಕದಲ್ಲೂ ಬರಲಿಲ್ಲ.

ಗೋಲೈವ್_ಹದಿನೇಳು

ಉಗ್ರಾಣಿಯವರು ಹೇಳಿದ ಆ ಪುಸ್ತಕವನ್ನು ನಾನು ಎಲ್ಲ ಕಡೆ ಹುಡುಕುತ್ತೇನೆ. ಗೋ-ಲೈವ್ ಆಗಿ ಮೂರು ತಿಂಗಳ ನಂತರ ಸ್ಟೋರ್ಸಿಗೆ, ಉತ್ಪಾದನಾ ಯೋಜನೆಯ ಮೇಜಿಗೆ ಹೋಗಿ ನೋಡಿ. ಕೈಬರಹದ ಪುಸ್ತಕವೋ ಯಾರದೋ ಎಕ್ಸೆಲ್ ಹಾಳೆಯೋ ಇದ್ದರೆ ನಿಧಾನಗತಿಯ ಅವಧಿ ಇನ್ನೂ ಮುಗಿದಿಲ್ಲ ಎಂದರ್ಥ.

ಡೇಟಾ ಏರಿಸುವುದನ್ನು ಕಡಿಮೆಯೆಂದರೂ ಮೂರು ಸಲ ಅಭ್ಯಾಸ ಮಾಡಬೇಕು. ಪ್ರತಿ ಸಲವೂ ಹಳೆಯ ವ್ಯವಸ್ಥೆಯ ಸ್ಟಾಕ್ ಮೌಲ್ಯ, ಬಾಕಿ ಆರ್ಡರ್‌ಗಳ ಮೊತ್ತ, ಕೊಡಬೇಕಾದ ಮತ್ತು ಬರಬೇಕಾದ ಬಾಕಿ ಹೊಸದರ ಜೊತೆ ಹೊಂದಬೇಕು. ಆದರೆ ಮೌಲ್ಯ ಹೊಂದಿದರೆ ಸಾಲದು. ತಂತಿಯ ಪ್ರಕರಣದಲ್ಲಿ ಒಟ್ಟು ಮೌಲ್ಯ ಸರಿಯಾಗಿಯೇ ಬಂದಿರುತ್ತದೆ, ಯಾಕೆಂದರೆ ಆರಂಭಿಕ ಸ್ಟಾಕ್ ಕಿಲೋದಲ್ಲೇ ಏರಿತು. ತಪ್ಪು ಹೊರಬಂದದ್ದು ಮೀಟರಿನಲ್ಲಿ ಮೊದಲ ಸಲ ಕೊಟ್ಟಾಗ. ಆದ್ದರಿಂದ ಅಭ್ಯಾಸದಲ್ಲಿ ಐಟಂ ಏರಿಸಿ ಸುಮ್ಮನಾಗದೆ, ಒಂದು ಖರೀದಿ, ಒಂದು ವಿತರಣೆ, ಒಂದು ವಾಪಸಾತಿ ಮಾಡಿ ನೋಡಬೇಕು.

ಖರೀದಿಮೇಜು

ಕನ್ಸಲ್ಟೆಂಟರ 250 ದಿನ ಎಂದರೆ 250ಕ್ಕೇ ನಿಲ್ಲುತ್ತದೆಯೇ? ನಾನು ಕೊಟೇಶನ್ ಓದುವಾಗ ಮೊದಲು ನೋಡುವುದು "ಸೇರಿಲ್ಲ" ಎಂಬ ಪಟ್ಟಿಯನ್ನು. ಡೇಟಾ ಪರಿವರ್ತನೆ, ರಿಪೋರ್ಟ್, ಬೇರೆ ಸಾಫ್ಟ್‌ವೇರ್ ಜೊತೆಗಿನ ಜೋಡಣೆ, ಗೋ-ಲೈವ್ ನಂತರದ ಸಪೋರ್ಟ್, ಇವೆಲ್ಲ ಸಾಮಾನ್ಯವಾಗಿ ಅಲ್ಲೇ ಕೂತಿರುತ್ತವೆ. ಮಧ್ಯದಲ್ಲಿ ಹುಟ್ಟುವ ಬದಲಾವಣೆಯ ಬೇಡಿಕೆಗಳಿಗೆ, ಅಂದರೆ ಚೇಂಜ್ ರಿಕ್ವೆಸ್ಟ್‌ಗೆಂದು ನಾನು ಶೇ. 30 ಪಕ್ಕಕ್ಕಿಡುತ್ತೇನೆ. ನಿಮ್ಮಲ್ಲಿ ಅದು 75 ದಿನ, 300.

ಸಪೋರ್ಟ್‌ಗೆ ಮೊದಲ 12 ತಿಂಗಳು ತಿಂಗಳಿಗೆ ನಾಲ್ಕು ದಿನ, ಆಮೇಲಿನ 39 ತಿಂಗಳು ಎರಡೆರಡು ದಿನ ಇಟ್ಟರೂ 126 ದಿನ, ಅಂದರೆ 504.

ಲೈಸೆನ್ಸ್ ಕಡೆ ಒಂದು ಮಾತು. ನಿಮ್ಮ 60 ಎಂಬ ಸಂಖ್ಯೆ ಪರದೆಯ ಮುಂದೆ ಕೂರುವವರದ್ದು ಮಾತ್ರವೇ? ಬಾರ್‌ಕೋಡ್ ಯಂತ್ರ, ಗ್ರಾಹಕರು ಆರ್ಡರ್ ಹಾಕುವ ವೆಬ್‌ಸೈಟ್ ಇಆರ್‌ಪಿಯೊಳಗೆ ಬರೆಯುವುದಾದರೆ ಅದಕ್ಕೂ ಶುಲ್ಕ ಇದೆಯೇ ಎಂದು ಲಿಖಿತವಾಗಿ ಕೇಳಿ. 2017ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಸ್ಯಾಪ್ ಮತ್ತು ಡಿಯಾಜಿಯೊ ನಡುವಿನ ಮೊಕದ್ದಮೆಯಲ್ಲಿ, ಬೇರೊಂದು ಸಾಫ್ಟ್‌ವೇರ್ ಮೂಲಕ ಪರೋಕ್ಷವಾಗಿ ಒಳಬರುವುದಕ್ಕೂ ಲೈಸೆನ್ಸ್ ಶುಲ್ಕ ಸಲ್ಲುತ್ತದೆ ಎಂದು ಹೇಳಿತು. ಸ್ಯಾಪ್ ಕೇಳಿದ್ದು 5 ಕೋಟಿ ಪೌಂಡಿಗೂ ಮೇಲೆ. ಮರುವರ್ಷ ಅವರು ದಾಖಲೆಗಳ ಸಂಖ್ಯೆಗೆ ಬೆಲೆ ಕಟ್ಟುವ ಇನ್ನೊಂದು ಪದ್ಧತಿ ತಂದರು. ನಿಮ್ಮ ಮಾರಾಟಗಾರರು ಯಾರೇ ಇರಲಿ, ಈ ಪ್ರಶ್ನೆಗೆ ಉತ್ತರ ಸಹಿಗೆ ಮೊದಲೇ ಬೇಕು.

ಜಮಾಖರ್ಚು

ತುಂಬಾ ಧನ್ಯವಾದ. ಬಾರ್‌ಕೋಡ್ ಯಂತ್ರಗಳ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ, ಇವತ್ತೇ ಪತ್ರ ಬರೆದೆ.

ಈಗ ಕೂಡಿಸಿದೆ. ಕ್ಲೌಡ್: ಕೊಟೇಶನ್ 5,973, ಹೆಚ್ಚುವರಿ ಕನ್ಸಲ್ಟೆಂಟ್ 804, ಒಳಗಿನದು 2,722. ಒಟ್ಟು 9,499. ಕಾಗದದ ಮೇಲಿದ್ದದ್ದು ಅದರ ಶೇ. 63 ಮಾತ್ರ.

ಎರಡನೆಯದಕ್ಕೆ ಅಡ್ಮಿನ್ ಪೂರ್ಣಾವಧಿ ಹಿಡಿದೆ. ವರ್ಷಕ್ಕೆರಡು ಬಿಡುಗಡೆಯ ಬದಲು ಮಧ್ಯದಲ್ಲಿ ಒಂದು ದೊಡ್ಡ ಅಪ್‌ಗ್ರೇಡ್, ಅದಕ್ಕೆ ಕನ್ಸಲ್ಟೆಂಟರ 60 ದಿನ, ನಮ್ಮವರ 150 ದಿನ. ಹೀಗೆ ಒಳಗಿನದು 3,140, ಹೆಚ್ಚುವರಿ ಕನ್ಸಲ್ಟೆಂಟ್ 1,044, ಕೊಟೇಶನ್ 5,750. ಒಟ್ಟು 9,934.

ಕ್ಲೌಡ್ 435 ಕಡಿಮೆ ಬಂತು. ಅದೇ ಸರಿ ಎಂದು ಬರೆದುಬಿಡಲೇ?

ಮೋಡದಾಚೆ

ನಾನು ಮೊದಲೇ ಹೇಳಿದ್ದೆ.

ಗೋಲೈವ್_ಹದಿನೇಳು

ಬರೆಯಬೇಡಿ ಮೇಡಂ. ಒಳಗಿನ 2,722 ನನ್ನ ಅಂದಾಜು. ಅದು ಶೇ. 20 ಆಚೀಚೆ ಆಗುವುದು ತೀರಾ ಸಹಜ, ಅಂದರೆ 544. ನಿಮ್ಮ ವ್ಯತ್ಯಾಸ 435. ಅಂದಾಜಿನ ತಪ್ಪಿಗಿಂತ ಚಿಕ್ಕದಾದ ವ್ಯತ್ಯಾಸ ನಂಬಿ ಆಯ್ಕೆ ಮಾಡಲು ಬರುವುದಿಲ್ಲ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಆ 250 ದಿನದಲ್ಲಿ ನಿಮಗಾಗಿಯೇ ಬದಲಿಸಿಕೊಡುವ ಕಸ್ಟಮೈಸೇಶನ್ ಎಷ್ಟು?

ಜಮಾಖರ್ಚು

ನಲವತ್ತು. ತಲಾ ಮೂರು ದಿನದಂತೆ 120 ದಿನ. ಹೆಚ್ಚಿನವು ಹಳೆಯ ವ್ಯವಸ್ಥೆಯ ರಿಪೋರ್ಟ್ ಮತ್ತು ಪರದೆಗಳನ್ನು ಹಾಗೇ ಮಾಡಿಕೊಡಿ ಎಂದು ವಿಭಾಗಗಳು ಕೇಳಿದ್ದು.

ಗೋಲೈವ್_ಹದಿನೇಳು

ನಾನು ಊಹಿಸಿದ್ದೂ ಇದನ್ನೇ. ಒಂದು ಕಸ್ಟಮೈಸೇಶನ್‌ಗೆ ಕೊಟೇಶನ್ನಿನಲ್ಲಿ ಮೂರು ದಿನ, 12 ಆಳುದಿನ. ಆಮೇಲೆ ಪ್ರತಿ ಬಿಡುಗಡೆಯಲ್ಲೂ ಅದು ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ಯಾರಾದರೂ ಅರ್ಧ ದಿನ ನೋಡಬೇಕು. ಎಂಟು ಬಿಡುಗಡೆಗೆ 4. ನಾಲ್ಕು ಬಿಡುಗಡೆಗೊಮ್ಮೆ ಅದು ಮುರಿಯುತ್ತದೆ, ಸರಿಪಡಿಸಲು ಒಂದು ಕನ್ಸಲ್ಟೆಂಟ್ ದಿನ ಹಿಡಿಯುತ್ತದೆ ಎಂದುಕೊಂಡರೆ ಐದು ವರ್ಷದಲ್ಲಿ ಎರಡು ದಿನ, 8. ಒಟ್ಟು 24. ಕೊಟೇಶನ್ನಿನಲ್ಲಿ ಕಂಡದ್ದರ ಸರಿಯಾಗಿ ಎರಡರಷ್ಟು. ಈ ಹೆಚ್ಚಿನ 12 ಮೊದಲಿನ 160ರಲ್ಲಾಗಲಿ ಸಪೋರ್ಟ್ ದಿನಗಳಲ್ಲಾಗಲಿ ಸೇರಿಲ್ಲ. ಅವು ಸಾಮಾನ್ಯ ಕೆಲಸಕ್ಕೆ ಮಾತ್ರ.

ನಲವತ್ತಕ್ಕೆ 480 ಸೇರಿಸಿದರೆ ನಿಮ್ಮ ಕ್ಲೌಡ್ ಲೆಕ್ಕ 9,979 ಆಗುತ್ತದೆ. ಎರಡನೆಯದು 9,934ರಲ್ಲೇ ನಿಲ್ಲುತ್ತದೆ, ಯಾಕೆಂದರೆ ಅಲ್ಲಿನ ದೊಡ್ಡ ಅಪ್‌ಗ್ರೇಡಿನ 60 ದಿನದಲ್ಲಿ ಈ ದುರಸ್ತಿಯೂ ಸೇರಿದೆ. ನೋಡಿ, ಕ್ರಮವೇ ತಿರುಗಿತು.

ಈಗ ನಲವತ್ತರಲ್ಲಿ ಇಪ್ಪತ್ತೈದನ್ನು ಕೈಬಿಡಿ. ಕ್ಲೌಡಿನಲ್ಲಿ ತಲಾ 24 ಉಳಿತಾಯವಾಗಿ 9,379 ಆಗುತ್ತದೆ. ಎರಡನೆಯದರಲ್ಲಿ ತಲಾ 12 ಉಳಿತಾಯವಾಗಿ 9,634. ಮತ್ತೆ ಕ್ಲೌಡ್ ಕಡಿಮೆ. ಹಾಗಾಗಿ ಮಂಡಳಿ ಮೊದಲು ತೀರ್ಮಾನಿಸಬೇಕಾದದ್ದು ಹಳೆಯ ಅಭ್ಯಾಸಗಳಲ್ಲಿ ಎಷ್ಟನ್ನು ಬಿಡಲು ತಯಾರಿದ್ದೇವೆ ಎಂಬುದನ್ನು. ಬಿಡಲು ಸಿದ್ಧರಿದ್ದರೆ ಕ್ಲೌಡ್ ನಿಮಗೆ ಹೊಂದುತ್ತದೆ. ನಲವತ್ತೂ ಬೇಕೇ ಬೇಕು ಎಂದರೆ, ಬಿಡುಗಡೆಯ ದಿನಾಂಕ ನಿಮ್ಮ ಕೈಯಲ್ಲಿರುವುದೇ ಲೇಸು.

ಉಗ್ರಾಣಿ

ವಿಭಾಗಗಳು ಕೇಳಿದ ರಿಪೋರ್ಟ್‌ಗಳ ಬಗ್ಗೆ ಒಂದು ಉಪಾಯ. ಪ್ರತಿಯೊಂದಕ್ಕೂ ಒಬ್ಬರ ಹೆಸರು ಬರೆಸಿ, ಪ್ರತಿ ಬಿಡುಗಡೆಯ ಅರ್ಧ ದಿನದ ಪರೀಕ್ಷೆ ಅವರದೇ ಎಂದು ಸಹಿ ಹಾಕಿಸಿ. ಈಗಿನ ಕಂಪನಿಯಲ್ಲಿ ಹೀಗೆ ಮಾಡಿದಾಗ ನಮ್ಮ ವಿಭಾಗದ ಒಂಬತ್ತರಲ್ಲಿ ನಾನೇ ಆರನ್ನು ಹಿಂದಕ್ಕೆ ತೆಗೆದುಕೊಂಡೆ. ಅದರಲ್ಲಿ ಎರಡು ರಿಪೋರ್ಟ್ ಓದುತ್ತಿದ್ದವರು ನಿವೃತ್ತರಾಗಿದ್ದರು.

ಮೋಡದಾಚೆ

ಕಸ್ಟಮೈಸೇಶನ್ ವಿಷಯ ಒಪ್ಪಿದೆ, ಅದನ್ನು ನಾನು ಯೋಚಿಸಿರಲಿಲ್ಲ. ಆದರೆ ಸಂಬಳದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. 9,499 ಎಂದು ತೋರಿಸುತ್ತೀರಿ, ಬ್ಯಾಂಕಿನಿಂದ ಹೋಗುವುದು 6,777 ಮಾತ್ರ. ಉಳಿದ ಹಣ ಎಲ್ಲಿ ಖರ್ಚಾಯಿತು ಎಂದು ಮಂಡಳಿಯ ಸದಸ್ಯರೊಬ್ಬರು ಕೇಳಿದರೆ ಏನು ಹೇಳುತ್ತೀರಿ?

ಜಮಾಖರ್ಚು

ಎರಡು ಕಾಲಮ್ ಇಡುತ್ತೇನೆ. ಒಂದು ಹೊರಗೆ ಹೋಗುವ ಹಣ, ಇನ್ನೊಂದು ನಮ್ಮ ಜನರ ಸಮಯ. ಎರಡನ್ನೂ ತೋರಿಸಿ, ಒಟ್ಟನ್ನು ಕೊನೆಯಲ್ಲಿ ಮಾತ್ರ ಬರೆಯುತ್ತೇನೆ. ಸಂಬಳ ಹೇಗೂ ಹೋಗುತ್ತದೆ ಎನ್ನುವುದು ಸರಿ, ಆದರೆ ಆ ಸಂಬಳಕ್ಕೆ ಈಗ ಅವರು ಮಾಡುತ್ತಿರುವ ಕೆಲಸ ಆಗುವುದಿಲ್ಲವಲ್ಲ. ನಮ್ಮ ಸ್ಟೋರ್ಸಿನ ಕೀ ಯೂಸರ್ ಅರ್ಧ ದಿನ ಮೀಟಿಂಗಿನಲ್ಲಿ ಕೂತರೆ ಆ ಅರ್ಧ ದಿನದ ಸಾಮಾನು ಯಾರು ಇಳಿಸಿಕೊಳ್ಳಬೇಕು?

ಗೋಲೈವ್_ಹದಿನೇಳು

ಅಲ್ಲಿಯೇ ಆ ಸಮಯ ನಗದಾಗಿ ಬದಲಾಗುವುದು. ಹೆಚ್ಚಿನ ಕಂಪನಿಗಳಲ್ಲಿ ಕೀ ಯೂಸರ್‌ಗೆ ಕಾಗದದ ಮೇಲೆ ಅರ್ಧ ದಿನ ಬಿಡುವು, ವಾಸ್ತವದಲ್ಲಿ ಪೂರ್ತಿ ಹಳೆಯ ಕೆಲಸ, ಅದರ ಮೇಲೆ ಇದು. ಎರಡನೇ ತಿಂಗಳಿಗೆ ಅವರು ವಿನ್ಯಾಸದ ಕಾಗದ ಓದದೆ ಸಹಿ ಹಾಕತೊಡಗುತ್ತಾರೆ. ಟೆಸ್ಟಿಂಗಿನಲ್ಲಿ ತಪ್ಪು ಹೊರಬಿದ್ದು ಗೋ-ಲೈವ್ ಮುಂದೆ ಹೋಗುತ್ತದೆ.

ಒಂದು ತಿಂಗಳು ಮುಂದೆ ಹೋದರೆ ಪ್ರಾಜೆಕ್ಟ್ ಮ್ಯಾನೇಜರ್ 21, ಕೀ ಯೂಸರ್‌ಗಳು 52, ಕನ್ಸಲ್ಟೆಂಟರ ತಂಡ ಹತ್ತು ದಿನ ಕೂತರೂ 40. ತಿಂಗಳಿಗೆ 113, ಮೂರು ತಿಂಗಳಿಗೆ 339. ಸಬ್‌ಸ್ಕ್ರಿಪ್ಶನ್ ಸಹಿಯ ದಿನದಿಂದಲೇ ಓಡುತ್ತಿರುತ್ತದೆ. ಯಾರೂ ಬಳಸದ ಆ ಮೂರು ತಿಂಗಳಿಗೆ 225 ಬೇರೆ. ಅದು ನಿಮ್ಮ ಒಟ್ಟು ಮೊತ್ತವನ್ನು ಏರಿಸುವುದಿಲ್ಲ, ಆದರೆ ಅದಕ್ಕೆ ಸಿಗಬೇಕಾದ ಉಪಯೋಗ ಸಿಗುವುದಿಲ್ಲ.

ಕೀ ಯೂಸರ್‌ಗಳ ಹಳೆಯ ಕೆಲಸಕ್ಕೆ ಇಬ್ಬರನ್ನು ಆರು ತಿಂಗಳ ಮಟ್ಟಿಗೆ ತಾತ್ಕಾಲಿಕವಾಗಿ ತೆಗೆದುಕೊಂಡರೆ 252. ಮಂಡಳಿಯ ಮುಂದೆ ಹೊಸ ಖರ್ಚೆಂದು ನೀವು ಕೇಳಬೇಕಾದ ಸಾಲು ಇದು. ನನ್ನ ಅನುಭವದಲ್ಲಿ ಎಲ್ಲರೂ ಮೊದಲು ಹೊಡೆದುಹಾಕುವ ಸಾಲೂ ಇದೇ.

ಖರೀದಿಮೇಜು

ಸಬ್‌ಸ್ಕ್ರಿಪ್ಶನ್ ಶುರುವಾಗುವ ದಿನಾಂಕದ ಮೇಲೆ ಮಾತುಕತೆ ಸಾಧ್ಯ ಮೇಡಂ. ಮೊದಲ ಒಂಬತ್ತು ತಿಂಗಳು ಪ್ರಾಜೆಕ್ಟ್ ತಂಡದ ಹತ್ತು ಜನರಿಗೆ ಮಾತ್ರ, ಅರವತ್ತೂ ಜನರಿಗೆ ಗೋ-ಲೈವ್ ತಿಂಗಳಿಂದ ಎಂದು ಹಂತ ಹಂತವಾಗಿ ಕೇಳಿ. ಸಹಿಗೆ ಮೊದಲು ಕೇಳಿದರೆ ಒಪ್ಪುವುದುಂಟು, ಸಹಿಯಾದ ಮೇಲೆ ಯಾರೂ ಒಪ್ಪುವುದಿಲ್ಲ.

ಶೇ. 5 ಏರಿಕೆ ಆರನೇ ವರ್ಷಕ್ಕೂ ಅನ್ವಯಿಸುತ್ತದೆಯೇ, ಬಿಟ್ಟುಹೋಗುವಾಗ ಡೇಟಾ ಯಾವ ರೂಪದಲ್ಲಿ ಎಷ್ಟು ದಿನದಲ್ಲಿ ಕೊಡುತ್ತಾರೆ, ಇವೆರಡನ್ನೂ ಒಪ್ಪಂದದಲ್ಲಿ ಹುಡುಕಿ. ಲೈಸೆನ್ಸ್ ಕೊಂಡರೂ ಅದೇ ಎಚ್ಚರ ಬೇಕು. ಲೈಸೆನ್ಸ್ ಶಾಶ್ವತವಾದರೂ ನಿರ್ವಹಣೆ ಶಾಶ್ವತವಲ್ಲ. ಸ್ಯಾಪ್‌ನ ಹಳೆಯ ಇಆರ್‌ಪಿಯಾದ ಇಸಿಸಿಯ ಇತ್ತೀಚಿನ ಆವೃತ್ತಿಗಳನ್ನು ಬಳಸುವವರಿಗೆ ಮುಖ್ಯ ನಿರ್ವಹಣೆ 2027ರ ಕೊನೆಯವರೆಗೆ, ಹೆಚ್ಚುವರಿ ಶುಲ್ಕ ಕೊಟ್ಟರೆ 2030ರವರೆಗೆ.

ಜಮಾಖರ್ಚು

ಹಂತ ಹಂತದ ಸಬ್‌ಸ್ಕ್ರಿಪ್ಶನ್ ಕೇಳುತ್ತೇನೆ. ಹಳೆಯ ವ್ಯವಸ್ಥೆಯನ್ನು ಲೆಕ್ಕಪರಿಶೋಧನೆಗಾಗಿ ಎಷ್ಟು ಕಾಲ ಜೀವಂತ ಇಡಬೇಕು ಎಂಬ ಸಾಲನ್ನೂ ಸೇರಿಸಿದ್ದೇನೆ, ಅದು ಎರಡಕ್ಕೂ ಸಮಾನ.

ಒಂದು ಮಾತ್ರ ಇನ್ನೂ ಕಾಡುತ್ತಿದೆ. ವೇಗ ಇಳಿಯುವುದಕ್ಕೆ ಹಾಕಿದ 378. ಮೂರು ತಿಂಗಳು, ಶೇ. 10 ಎನ್ನುವುದಕ್ಕೆ ಆಧಾರ ಏನೆಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಗೋಲೈವ್_ಹದಿನೇಳು

ನನ್ನ ಹತ್ತಿರವೂ ಅನುಭವ ಬಿಟ್ಟರೆ ಬೇರೆ ಆಧಾರವಿಲ್ಲ. ಆದರೆ ಅಳೆಯಬಹುದು. ಈಗಿನಿಂದಲೇ ಮೂರು ಅಂಕಿ ಬರೆದಿಡಿ: ತಿಂಗಳ ಲೆಕ್ಕ ಮುಗಿಸಲು ಎಷ್ಟು ದಿನ, ದಿನಕ್ಕೆ ಎಷ್ಟು ಆರ್ಡರ್ ರವಾನೆ, ಎಷ್ಟು ಗಂಟೆ ಓವರ್‌ಟೈಮ್. ಗೋ-ಲೈವ್ ನಂತರ ಅವೇ ಮೂರನ್ನು ನೋಡಿ. ನಾನಿದ್ದ ಒಂದು ಕಡೆ ತಿಂಗಳ ಲೆಕ್ಕ 6 ದಿನದಿಂದ 11ಕ್ಕೆ ಏರಿತ್ತು, ಐದನೇ ತಿಂಗಳಿಗೆ ಮತ್ತೆ 6ಕ್ಕೆ ಇಳಿಯಿತು. ಇನ್ನೊಂದು ಕಡೆ ಒಂದೂವರೆ ವರ್ಷವಾದರೂ 9ಕ್ಕಿಂತ ಇಳಿಯಲಿಲ್ಲ. ಅಲ್ಲಿ ಎಕ್ಸೆಲ್ ಹಾಳೆಗಳು ಇನ್ನೂ ಓಡುತ್ತಿದ್ದವು.

ಮೋಡದಾಚೆ

ಅಳೆದ ಅಂಕಿ ಇಲ್ಲದೆ 378ನ್ನು ಮಂಡಳಿಯ ಹಾಳೆಯಲ್ಲಿ ಇಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಟಿಪ್ಪಣಿಯಲ್ಲಿ ಬರೆಯಿರಿ, ಒಟ್ಟಿಗೆ ಸೇರಿಸಬೇಡಿ. ಎರಡು ಆಯ್ಕೆಗೂ ಅದು ಸಮಾನವಾದ್ದರಿಂದ ತೆಗೆದರೆ ಹೋಲಿಕೆ ಕೆಡುವುದಿಲ್ಲ.

ಉಗ್ರಾಣಿ

ಹೋಲಿಕೆ ಕೆಡುವುದಿಲ್ಲ ಸರ್, ಆದರೆ ಒಟ್ಟಿನಿಂದ ತೆಗೆದರೆ ಆ ಮೂರು ತಿಂಗಳಿಗೆ ಯಾರೂ ಹೆಚ್ಚು ಕೈ ಕೊಡುವುದಿಲ್ಲ. ಆ ಪುಸ್ತಕ ಬರೆದ ಹುಡುಗರನ್ನು ನಾನು ನೋಡಿದ್ದೇನೆ.

ಜಮಾಖರ್ಚು

ಇಬ್ಬರ ಮಾತಿನಲ್ಲೂ ತೂಕವಿದೆ, ನಾನಿನ್ನೂ ತೀರ್ಮಾನಿಸಿಲ್ಲ. ಸದ್ಯಕ್ಕೆ ಅದನ್ನು ಬೇರೆ ಸಾಲಾಗಿ, ಒಟ್ಟಿನ ಕೆಳಗೆ ಇಟ್ಟಿದ್ದೇನೆ.

ನಲವತ್ತು ಕಸ್ಟಮೈಸೇಶನ್‌ಗಳ ಪಟ್ಟಿಯನ್ನು ಉಗ್ರಾಣಿಯವರು ಹೇಳಿದಂತೆ ಹೆಸರಿನ ಕಾಲಮ್ ಸೇರಿಸಿ ಐದೂ ವಿಭಾಗಕ್ಕೆ ಕಳಿಸಿದೆ. ಮಾರಾಟ ವಿಭಾಗದಿಂದ ಆಗಲೇ ಉತ್ತರ ಬಂತು. ಹನ್ನೊಂದರಲ್ಲಿ ನಾಲ್ಕಕ್ಕೆ ಮಾತ್ರ ಸಹಿ ಇದೆ. ಉಳಿದವು ಬಂದ ಮೇಲೆ ಲೆಕ್ಕ ಮತ್ತೆ ಹಾಕಿ ಇಲ್ಲೇ ತಿಳಿಸುತ್ತೇನೆ.